ಒಂಬತ್ತಡಿ ಹಾಲಿಗೆ ಒಂದು ಸೋಫಾ: ಫೋಟೋಗೆ ಸ್ಕೇಲ್ ಹಿಡಿದು ಕಲಿತದ್ದು

ಕಳೆದ ವಾರ ನಮ್ಮ ಮನೆಗೆ ಎರಡನೇ ಸೋಫಾ ಬಂತು. ಮೊದಲನೆಯದು ಬಂದು, ಕೆಲವೇ ದಿನ ಇದ್ದು, ವಾಪಸ್ ಹೋಯಿತು. ಹುಡುಕಲು ಶುರು ಮಾಡಿದ ದಿನದಿಂದ ಲೆಕ್ಕ ಹಾಕಿದರೆ ಒಟ್ಟು ಒಂಬತ್ತು ವಾರ. ಇಷ್ಟು ದಿನ ನಾನು ಮಾಡಿದ ಮುಖ್ಯ ಕೆಲಸ ಅಂದರೆ ಆನ್‌ಲೈನ್ ಅಂಗಡಿಗಳ ಫೋಟೋ ನೋಡಿದ್ದು. ಮೊದಲ ಸಲ ಸುಮ್ನೆ ನೋಡಿದೆ. ಎರಡನೇ ಸಲ ಅಳೆದು ನೋಡಿದೆ. ಎಲ್ಲಾ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನಾವಿರುವುದು ಶಿವಮೊಗ್ಗದಲ್ಲಿ, ಬಾಡಿಗೆ ಮನೆ, ಮೊದಲ ಮಹಡಿ. ಹಾಲ್ 10 ಅಡಿ ಉದ್ದ, 9 ಅಡಿ ಅಗಲ. ಹತ್ತಡಿ ಗೋಡೆಯ ಒಂದು ತುದಿಯಲ್ಲಿ ಬೆಡ್‌ರೂಮಿನ ಬಾಗಿಲು ಚೌಕಟ್ಟು ಸೇರಿ 36 ಇಂಚು ತಿನ್ನುತ್ತದೆ. ಸೋಫಾಗೆ ಉಳಿಯುವುದು 84 ಇಂಚು. ಎದುರು ಗೋಡೆಗೆ 15 ಇಂಚಿನ ಟಿವಿ ಸ್ಟ್ಯಾಂಡ್ ಇದೆ. ಮನೆಯಲ್ಲಿ ನಾನು, ನಮ್ಮ ಮನೆಯವರು, ಮಗಳು ಮತ್ತು ಅಮ್ಮ. ಅಮ್ಮನಿಗೆ ಮಂಡಿ ನೋವು. ತಗ್ಗಿನ ಸೀಟಿನಲ್ಲಿ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು.

ಮೊದಲ ಸೋಫಾ ಫೋಟೋದಲ್ಲಿ ತುಂಬಾ ಚೆನ್ನಾಗಿತ್ತು. ತಿಳಿ ಬೂದು ಬಣ್ಣ, ತೆಳು ಕಾಲು, ಹಿಂದೆ ದೊಡ್ಡ ಕಿಟಕಿ, ಪಕ್ಕದಲ್ಲಿ ಎತ್ತರದ ಗಿಡ. ಅಗಲ 76 ಇಂಚು, ಆಳ 36, ಎತ್ತರ 33 ಅಂತ ಬರೆದಿದ್ದರು. 84ರಲ್ಲಿ 76 ಹಿಡಿಯುತ್ತದೆ, ಅಲ್ವಾ? ಇಷ್ಟೇ ಲೆಕ್ಕ ಹಾಕಿ 31,500 ರೂಪಾಯಿ ಕಟ್ಟಿದೆ.

ಹದಿಮೂರು ದಿನಕ್ಕೆ ಬಂತು. ಬಾಗಿಲ ಹತ್ತಿರವೇ ಸಿಕ್ಕಿಹಾಕಿಕೊಂಡಿತು. ನಮ್ಮ ಮುಂಬಾಗಿಲು ಮೂರಡಿ ಅಂತ ನಾನು ಅಂದುಕೊಂಡಿದ್ದೆ. ಚೌಕಟ್ಟಿನ ಒಳಗೆ ಅಳೆದರೆ 34 ಇಂಚು. ತೆರೆದ ಬಾಗಿಲಿನ ದಪ್ಪ ಕಳೆದರೆ ಮೂವತ್ತೆರಡೂವರೆ. ಸೋಫಾ 33 ಎತ್ತರ, 36 ಆಳ. ಯಾವ ಕಡೆ ತಿರುಗಿಸಿದರೂ ಸ್ವಲ್ಪದರಲ್ಲಿ ತಪ್ಪುತ್ತಿತ್ತು. ತಂದ ಹುಡುಗರು ಮೆಟ್ಟಿಲ ಮೇಲೆ ಅದನ್ನು ಹಿಡಿದು ನಿಂತಿದ್ದರು. ನಮ್ಮ ಮನೆಯವರು ಬಗ್ಗಿ ನೋಡಿ, "ಕಾಲು ಬಿಚ್ಚೋಕೆ ಬರುತ್ತೆ ನೋಡು" ಅಂದರು. ಐದಿಂಚಿನ ಕಾಲುಗಳು, ತಿರುಪು ಹಾಕಿದ್ದವು. ಬಿಚ್ಚಿದ ಮೇಲೆ 28 ಇಂಚು ಆಯಿತು, ಒಳಗೆ ಹೋಯಿತು. ಹಾಗಾಗಿ ಸೋಫಾ ಹುಡುಕುವ ಮೊದಲು ಚೌಕಟ್ಟಿನ ಒಳ ಅಳತೆ ತೆಗೆದು, ತೆರೆದ ಬಾಗಿಲಿನ ದಪ್ಪ ಕಳೆದುಕೊಳ್ಳಿ. ಸೋಫಾದ ಎತ್ತರ ಅಥವಾ ಆಳ, ಇವೆರಡರಲ್ಲಿ ಚಿಕ್ಕದು ಯಾವುದೋ ಅದು ಆ ಅಳತೆಗಿಂತ ಕಡಿಮೆ ಇರಬೇಕು. ಕಾಲು ಬಿಚ್ಚಲು ಬರುತ್ತದಾ ಎಂದು ಮೊದಲೇ ಕೇಳಿ. ಮೆಟ್ಟಿಲು ತಿರುಗುವ ಜಾಗವನ್ನೂ ಅಳೆಯಿರಿ.

ಹಾಲಿನಲ್ಲಿ ಇಟ್ಟ ಮೇಲೆ ನನಗೆ ಅಳು ಬರುವ ಹಾಗಾಯಿತು. ಕೋಣೆ ಪೂರ್ತಿ ಅದೇ ತುಂಬಿತ್ತು. ಟೀಪಾಯಿ ಇಟ್ಟರೆ ಟಿವಿ ಕಡೆ ಓಡಾಡಲು 23 ಇಂಚು ಮಾತ್ರ ಉಳಿಯಿತು, ಒಬ್ಬರು ಬಂದರೆ ಇನ್ನೊಬ್ಬರು ಪಕ್ಕಕ್ಕೆ ಸರಿಯಬೇಕು. ಅಷ್ಟು ದೊಡ್ಡದಾಗಿದ್ದರೂ ಮೂರು ಜನ ಕೂತರೆ ಭುಜಕ್ಕೆ ಭುಜ ತಾಗುತ್ತಿತ್ತು. ಟೇಪ್ ಹಿಡಿದು ನೋಡಿದೆ. ಎರಡು ಕಡೆಯ ಕೈಗಳೂ 10 ಇಂಚು ದಪ್ಪ! 76ರಲ್ಲಿ 20 ಇಂಚು ಕೈಗಳಿಗೇ ಹೋಗಿ, ಕೂರಲು ಉಳಿದದ್ದು 56. ಒಬ್ಬರಿಗೆ ಹದಿನೆಂಟೂವರೆ ಇಂಚು.

ಫೋಟೋದಲ್ಲಿ ಇದು ಯಾಕೆ ಕಾಣಲಿಲ್ಲ? ಆ ರಾತ್ರಿ ಫೋಟೋ ತೆಗೆದು ಮತ್ತೆ ನೋಡಿದೆ. ಅದು ಓರೆಯಾಗಿ ತೆಗೆದ ಫೋಟೋ. ಹತ್ತಿರದ ಕೈ ಲ್ಯಾಪ್‌ಟಾಪ್ ಪರದೆಯ ಮೇಲೆ 2.6 ಸೆಂ.ಮೀ. ಬಂತು, ದೂರದ ಕೈ 1.1 ಸೆಂ.ಮೀ. ಮಾತ್ರ. ಎರಡೂ ಒಂದೇ ದಪ್ಪದ ಕೈಗಳು. ಒಂದು ಇನ್ನೊಂದರ ಎರಡು ಪಟ್ಟಿಗಿಂತ ಜಾಸ್ತಿ ಕಾಣುತ್ತದೆ ಎಂದರೆ ಕ್ಯಾಮೆರಾ ತುಂಬಾ ಹತ್ತಿರ ಇತ್ತು ಅಂತ ಅರ್ಥ. ಹತ್ತಿರದಿಂದ ಅಗಲ ಲೆನ್ಸಿನಲ್ಲಿ ತೆಗೆದರೆ ಹಿಂದಿನ ಗೋಡೆ ದೂರ ಓಡುತ್ತದೆ, ಕೋಣೆ ದೊಡ್ಡದಾಗುತ್ತದೆ, ಸೋಫಾ ತೆಳ್ಳಗೆ ಉದ್ದಕ್ಕೆ ಎಳೆದ ಹಾಗೆ ಕಾಣುತ್ತದೆ. ಅಂಥ ಫೋಟೋದಿಂದ ಬಣ್ಣ ತಿಳಿಯಬಹುದು, ಆಕಾರದ ಅಂದಾಜು ಸಿಗಬಹುದು. ಅಳತೆಗೆ ಅದನ್ನು ನಂಬಲೇಬೇಡಿ.

ಆರನೇ ದಿನ ಸೀಟಿನ ಮೂಲೆಯ ಹೊಲಿಗೆ ಬಿಟ್ಟಿತು. ಸಿಟ್ಟಿಗಿಂತ ಜಾಸ್ತಿ ನನಗೆ ಸಮಾಧಾನವಾಯಿತು, ಯಾಕೆಂದರೆ ವಾಪಸ್ ಮಾಡಲು ಹತ್ತು ದಿನದ ಅವಕಾಶ ಇತ್ತು. ಆದರೆ ಅಂಗಡಿಯವರು ಮೊದಲು ಪ್ಯಾಕಿಂಗ್ ಕವರ್ ಕೇಳಿದರು. ಅದನ್ನು ನಾವು ಎಸೆದಾಗಿತ್ತು. ಆಮೇಲೆ ಸಾಗಣೆ ಅಂತ 1,800 ರೂಪಾಯಿ ಹಿಡಿಯುತ್ತೇವೆ ಎಂದರು. ನಾನು ಆರ್ಡರ್ ಮಾಡಿದ ದಿನ ತೆಗೆದಿಟ್ಟಿದ್ದ ಸ್ಕ್ರೀನ್‌ಶಾಟ್ ಇಲ್ಲಿ ಕೈ ಹಿಡಿಯಿತು. ಅವರ ಫೋಟೋದಲ್ಲಿ ಕೈಯ ಅಂಚಿಗೆ ಜೋಡಿ ಹೊಲಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಮಗೆ ಬಂದದ್ದಕ್ಕೆ ಒಂಟಿ ಹೊಲಿಗೆ. ಎರಡನ್ನೂ ಅಕ್ಕಪಕ್ಕ ಇಟ್ಟು ಕಳಿಸಿದೆ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ತೋರಿಸಿದ ಹಾಗೆ ಇಲ್ಲದ ಸಾಮಾನನ್ನು ವಾಪಸ್ ತೆಗೆದುಕೊಳ್ಳಲು ಮಾರುವವರು ನಿರಾಕರಿಸುವ ಹಾಗಿಲ್ಲ. ಅದನ್ನೂ ಬರೆದು, 1915 ಗ್ರಾಹಕ ಸಹಾಯವಾಣಿಗೆ ದೂರು ಕೊಡುತ್ತೇನೆ ಎಂದೆ. ಮರುದಿನ 1,800 ಬಿಟ್ಟರು. ದುಡ್ಡು ಪೂರ್ತಿ ಬರಲು 16 ದಿನ ಹಿಡಿಯಿತು. ಅಷ್ಟು ದಿನ ಅಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲೇ ಕೂತರು. ನೋಡಿ ಬೇಜಾರಾಗುತ್ತಿತ್ತು.

ಎರಡನೇ ಸಲ ಫೋಟೋ ನೋಡುವ ಮೊದಲು ನೆಲ ನೋಡಿದೆ. ಸ್ಟೇಷನರಿ ಅಂಗಡಿಯಿಂದ 60 ರೂಪಾಯಿಗೆ ಮಾಸ್ಕಿಂಗ್ ಟೇಪ್ ತಂದು, 72 ಇಂಚು ಅಗಲ 31 ಇಂಚು ಆಳದ ಚೌಕ ಅಂಟಿಸಿದೆ. ಟೀಪಾಯಿಗೆ 18 ಇಂಚು, ಸೋಫಾ ಮತ್ತು ಟೀಪಾಯಿ ನಡುವೆ ಕಾಲಿಡಲು 16 ಇಂಚು. ಆಗ ಓಡಾಡಲು 28 ಇಂಚು ಉಳಿಯಿತು. ಮೂರು ದಿನ ಎಲ್ಲರೂ ಆ ಟೇಪಿನ ಹೊರಗೇ ನಡೆದೆವು. ಮಗಳು ಮಾತ್ರ ದಿನಾ ಅದರ ಒಳಗೆ ಕೂತು ಹೋಮ್‌ವರ್ಕ್ ಮಾಡುತ್ತಿದ್ದಳು. ಮೂರು ದಿನದಲ್ಲಿ ಯಾರಿಗೂ ಇಕ್ಕಟ್ಟು ಅನ್ನಿಸಲಿಲ್ಲ. ಆಳದಲ್ಲಿ ಐದಿಂಚು ಕಡಿಮೆಯಾದರೆ ಚಿಕ್ಕ ಹಾಲಿನಲ್ಲಿ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ನನಗೆ ಆಗ ಗೊತ್ತಾಯಿತು. ಎಲ್ಲರೂ ಸೋಫಾದ ಅಗಲವನ್ನೇ ನೋಡುತ್ತೇವೆ. ಕೋಣೆಯನ್ನು ತಿನ್ನುವುದು ಆಳ.

ಅಮ್ಮನ ಅಳತೆಯನ್ನೂ ತೆಗೆದೆ. ಅವರು ಯಾರ ಸಹಾಯವೂ ಇಲ್ಲದೆ ಏಳುವ ಕುರ್ಚಿಯ ಸೀಟು ನೆಲದಿಂದ 17 ಇಂಚು ಇತ್ತು. ಸೋಫಾದ ಸ್ಪಂಜು ಕೂತಾಗ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ನನಗೆ ಹದಿನೇಳೂವರೆ, ಹದಿನೆಂಟು ಬೇಕಿತ್ತು.

ಹದಿನಾಲ್ಕು ಸೋಫಾಗಳ ಫೋಟೋ ಕೂಡಿಟ್ಟೆ. ಅದರಲ್ಲಿ ನೇರ ಮುಂಭಾಗದಿಂದ ತೆಗೆದ ಫೋಟೋ ಇಲ್ಲದವನ್ನೆಲ್ಲ ಬಿಟ್ಟೆ, ಆರು ಉಳಿದವು. ಎರಡು ಅಂಗಡಿಗಳು ಒಂದೇ ಫೋಟೋ ಹಾಕಿ ಒಂದು 70 ಇಂಚು, ಇನ್ನೊಂದು 78 ಇಂಚು ಅಂತ ಬರೆದಿದ್ದವು. ಅವೆರಡನ್ನೂ ಬಿಟ್ಟೆ. ಇನ್ನೊಂದರ ಆಳ 37 ಇತ್ತು. ಕೊನೆಗೆ ಮೂರು ಉಳಿದವು.

ಇನ್ನು ಅಳೆಯುವ ಕ್ರಮ. ಲ್ಯಾಪ್‌ಟಾಪಿನಲ್ಲಿ ಮುಂಭಾಗದ ಫೋಟೋ ತೆರೆದು, ಸೋಫಾದ ಪೂರ್ತಿ ಅಗಲ ಪರದೆಯ ಮೇಲೆ ಸರಿಯಾಗಿ 18 ಸೆಂ.ಮೀ. ಬರುವ ತನಕ ದೊಡ್ಡದು ಚಿಕ್ಕದು ಮಾಡಿದೆ. ನಾನು ನೋಡುತ್ತಿದ್ದ ಮೂರೂ 72 ಇಂಚಿನವು. ಹಾಗಾಗಿ 1 ಸೆಂ.ಮೀ. ಅಂದರೆ 4 ಇಂಚು. ಮಗಳ ಸ್ಕೇಲನ್ನು ಪರದೆಗೆ ಹಿಡಿದು ಕೈಯ ದಪ್ಪ, ಸೀಟಿನ ಎತ್ತರ, ಕೈಯ ಎತ್ತರ ಎಲ್ಲವನ್ನೂ ಅಳೆದು ನಾಲ್ಕರಿಂದ ಗುಣಿಸಿದರೆ ಆಯಿತು.

ಇಲ್ಲಿ ಒಂದು ಎಚ್ಚರ ಬೇಕು. ಬೆನ್ನಿನ ಎತ್ತರವನ್ನು ಹೀಗೆ ಅಳೆಯಬೇಡಿ. ಬೆನ್ನು ಸೋಫಾದ ಮುಂಭಾಗಕ್ಕಿಂತ ಎರಡಡಿಯಷ್ಟು ಹಿಂದಿರುತ್ತದೆ. ಕ್ಯಾಮೆರಾಗೆ ದೂರ ಆದ್ದರಿಂದ ಚಿಕ್ಕದಾಗಿ ಕಾಣುತ್ತದೆ. ಮೊದಲ ದಿನ ನಾನು ಅದನ್ನೇ ಅಳೆದು ಎಲ್ಲಾ ಸೋಫಾಗಳೂ ಸುಳ್ಳು ಅಂದುಕೊಂಡುಬಿಟ್ಟೆ. ಕೈಯ ಮುಂಭಾಗ, ಸೀಟಿನ ಮುಂದಿನ ಅಂಚು, ಮುಂದಿನ ಕಾಲು, ಇವು ಹೆಚ್ಚು ಕಡಿಮೆ ಒಂದೇ ಸಾಲಿನಲ್ಲಿ ಇರುತ್ತವೆ. ಇವನ್ನು ಮಾತ್ರ ಒಂದಕ್ಕೊಂದು ಹೋಲಿಸಬಹುದು. ಅದರಲ್ಲೂ ಅರ್ಧ, ಮುಕ್ಕಾಲು ಇಂಚು ಆಚೀಚೆ ಆಗುವುದು ಸಹಜ.

ಮೊದಲನೆಯದರಲ್ಲೇ ಗುಟ್ಟು ಹೊರಬಿತ್ತು. ವಿವರದಲ್ಲಿ ಕೈಯ ಎತ್ತರ 24 ಇಂಚು ಅಂತಿತ್ತು. ಫೋಟೋದಲ್ಲಿ 5 ಸೆಂ.ಮೀ. ಬಂತು, ಅಂದರೆ 20 ಇಂಚು. ನಾಲ್ಕಿಂಚು ಕೈತಪ್ಪಿನಿಂದ ಬರುವುದಿಲ್ಲ. ಲೆಕ್ಕ ತಿರುಗಿಸಿದೆ. ಆ 5 ಸೆಂ.ಮೀ. ನಿಜವಾಗಿ 24 ಇಂಚು ಆಗಿದ್ದರೆ, 18 ಸೆಂ.ಮೀ. ಅಗಲದ ಸೋಫಾ ಸುಮಾರು 86 ಇಂಚು ಇರಬೇಕು. ಮಾರುವವರಿಗೆ ಬರೆದು ಕೇಳಿದೆ. ಎರಡು ದಿನ ಬಿಟ್ಟು ಉತ್ತರ ಬಂತು. ಫೋಟೋ ಅದೇ ಮಾದರಿಯ 86 ಇಂಚಿನದ್ದಂತೆ, 72ರ ಫೋಟೋ ಇನ್ನೂ ತೆಗೆದಿಲ್ಲವಂತೆ. ಉದ್ದದ ಸೋಫಾದಲ್ಲಿ ಕೈಗಳು ಒಟ್ಟು ಅಗಲಕ್ಕೆ ತೆಳ್ಳಗೆ ಕಾಣುತ್ತವೆ. ಚಿಕ್ಕದಕ್ಕೂ ಅದೇ ದಪ್ಪದ ಕೈ ಹಾಕಿದರೆ ನೋಡಲು ಗಿಡ್ಡಗೆ, ಮೊದ್ದಾಗಿ ಇರುತ್ತದೆ, ಕೂರುವ ಜಾಗವೂ ಕಡಿಮೆ. ಅದನ್ನು ಕೈಬಿಟ್ಟೆ.

ಎರಡನೆಯದರ ಅಳತೆ ಎಲ್ಲಾ ಹೊಂದಿತು. ಕೈ 6 ಇಂಚು, ಸೀಟು ಹದಿನೇಳೂವರೆ. ಬೆಲೆಯೂ ಕಡಿಮೆ, 24,000. ಆರ್ಡರ್ ಮಾಡಿಯೇಬಿಡೋಣ ಅನ್ನಿಸಿತು. ಆದರೆ ಹೊಲಿಗೆ ಬಿಟ್ಟ ಅನುಭವ ಇನ್ನೂ ಮನಸ್ಸಿನಲ್ಲಿತ್ತು. ಗಾಂಧಿ ಬಜಾರಿನ ಹತ್ತಿರ ಕುಶನ್ ಕೆಲಸ ಮಾಡುವ ಒಬ್ಬರು ಅಣ್ಣ ಇದ್ದಾರೆ, ನಮ್ಮ ಹಳೇ ದಿವಾನಿಗೆ ಅವರೇ ಬಟ್ಟೆ ಹಾಕಿಕೊಟ್ಟಿದ್ದರು. ಫೋನು ಹಿಡಿದು ಅವರ ಅಂಗಡಿಗೆ ಹೋದೆ.

ಅವರು ಅಂಗಡಿಯ ಫೋಟೋ ನೋಡಿದ ತಕ್ಷಣ, "ಅಕ್ಕಾ, ಇದರಲ್ಲಿ ಹೊಲಿಗೆನೇ ಇಲ್ಲವಲ್ಲ" ಎಂದರು. ನಿಜ. ದೊಡ್ಡದು ಮಾಡಿದರೆ ಜೋಡಣೆಯ ಗೆರೆ ಕಾಣುತ್ತಿತ್ತು, ದಾರದ ಚುಕ್ಕೆಗಳು ಕಾಣುತ್ತಿರಲಿಲ್ಲ. ಮೂರೂ ಸೀಟುಗಳ ಸುಕ್ಕು ಅಚ್ಚೊತ್ತಿದ ಹಾಗೆ ಒಂದೇ ತರ ಇತ್ತು. ಹಸಿರು, ನೀಲಿ, ಕಂದು ಮೂರು ಬಣ್ಣದ ಫೋಟೋಗಳಲ್ಲೂ ಅದೇ ಸುಕ್ಕು, ಅದೇ ಜಾಗದಲ್ಲಿ. ಅಂದರೆ ಅದು ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ. ಅಂಥ ಚಿತ್ರದ ಅಳತೆ ಸರಿ ಇರಬಹುದು, ಆದರೆ ಹೊಲಿಗೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಕೊಂಡವರು ಹಾಕಿದ ಫೋಟೋಗಳನ್ನು ತೆರೆದೆವು. ಕಡು ಬಣ್ಣದವನ್ನು ಅವರು ನೋಡಲೇ ಇಲ್ಲ. "ತಿಳಿ ಬಣ್ಣದ್ದು ತೆಗೀರಿ. ನೀವು ಕಂದು ತಗೊಂಡ್ರೂ ಹೊಲಿಗೆ ನೋಡೋಕೆ ಬಿಳೀದೇ ಬೇಕು. ಕಡು ಬಣ್ಣದಲ್ಲಿ ಎಲ್ಲಾ ಮುಚ್ಚಿಹೋಗುತ್ತೆ" ಎಂದರು. ಒಂದು ಕೆನೆ ಬಣ್ಣದ ಸೋಫಾದ ಫೋಟೋ ಸಿಕ್ಕಿತು. ಸೀಟಿನ ಮುಂದಿನ ಮೂಲೆಯಲ್ಲಿ ಮೇಲಿನಿಂದ ಕೆಳಗೆ ಬರುವ ಹೊಲಿಗೆಯನ್ನು ದೊಡ್ಡದು ಮಾಡಿ ಎಣಿಸಲು ಹೇಳಿದರು. ಹದಿನಾರು ಚುಕ್ಕೆ. ಸೀಟಿನ ದಪ್ಪ 5 ಇಂಚು ಅಂತ ವಿವರದಲ್ಲಿತ್ತು. ಇಂಚಿಗೆ ಮೂರು ಹೊಲಿಗೆ!

ಸೋಫಾ ಬಟ್ಟೆಗೆ ಅವರು ಇಂಚಿಗೆ ಆರರಿಂದ ಎಂಟು ಹಾಕುತ್ತಾರಂತೆ. ಮೂರು ಅಂದರೆ ಕೆಲಸ ಬೇಗ ಮುಗಿಸಲು ಉದ್ದುದ್ದ ಹೊಲಿದಿದ್ದಾರೆ. ಕೂತಾಗ ಮೂಲೆ ಬಿಗಿಯಾಗಿ, ಎರಡು ಹೊಲಿಗೆಯ ನಡುವೆ ಬಟ್ಟೆ ಬಾಯಿ ಬಿಡುತ್ತದೆ. ಆ ಫೋಟೋದಲ್ಲೇ ಒಂದು ಕಡೆ ದಾರ ಏಣಿಯ ಮೆಟ್ಟಿಲ ಹಾಗೆ ಅಡ್ಡಡ್ಡ ಕಾಣುತ್ತಿತ್ತು. ನಮ್ಮ ಮೊದಲ ಸೋಫಾ ಬಿಟ್ಟದ್ದೂ ಸರಿಯಾಗಿ ಅಂಥದೇ ಮೂಲೆಯಲ್ಲಿ. ಹಾಗಾದರೆ ಹೊಲಿಗೆ ಹತ್ತಿರ ಹತ್ತಿರ ಇದ್ದಷ್ಟೂ ಒಳ್ಳೆಯದಾ ಎಂದು ಕೇಳಿದೆ. ಬಟ್ಟೆಗೆ ಪರವಾಗಿಲ್ಲ, ರೆಕ್ಸಿನ್‌ಗೆ ಅಲ್ಲ ಎಂದರು. ಸೂಜಿ ತೂತು ತೀರಾ ಒತ್ತಾದರೆ ರೆಕ್ಸಿನ್ ಅದೇ ಸಾಲಿನಲ್ಲಿ ಅಂಚೆ ಚೀಟಿ ಹರಿದ ಹಾಗೆ ಹರಿಯುತ್ತದಂತೆ.

ಇನ್ನೂ ಎರಡು ಜಾಗ ತೋರಿಸಿದರು. ಒಂದು ಅಂಚಿನ ಪೈಪಿಂಗ್. ಉಬ್ಬಿದ ಆ ಗೆರೆ ಮೂಲೆಯಲ್ಲಿ ತಿರುಗುವಾಗ ಒಂದೇ ದಪ್ಪ ಇರಬೇಕು, ಹಾವಿನ ಹಾಗೆ ಸೊಟ್ಟ ಹೋಗಬಾರದು. ಇನ್ನೊಂದು, ಗೆರೆ ಅಥವಾ ಚೌಕಳಿ ಬಟ್ಟೆಯಾದರೆ ಬೆನ್ನಿನ ಗೆರೆ ಇಳಿದು ಬಂದು ಸೀಟಿನ ಗೆರೆಗೆ ಸೇರುತ್ತದಾ ಎಂದು ನೋಡಬೇಕು. ಗೆರೆ ಸೇರಿಸಲು ಬಟ್ಟೆ ಜಾಸ್ತಿ ಬೇಕು, ಕತ್ತರಿಸುವವರಿಗೆ ತಾಳ್ಮೆ ಬೇಕು. ಅದನ್ನು ಮಾಡಿದವರು ಒಳಗಿನ ಹೊಲಿಗೆಯನ್ನೂ ಸಾಮಾನ್ಯವಾಗಿ ಸರಿ ಮಾಡಿರುತ್ತಾರೆ ಎಂಬುದು ಅವರ ಅನುಭವ. ಒಂದು ಗಂಟೆ ನನಗೋಸ್ಕರ ಕೂತರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಟೀ ಮಾತ್ರ ಕುಡಿದೆವು.

ಮೂರನೆಯದು ಉಳಿಯಿತು. ಬೆಲೆ 28,900, ಸಾಗಣೆಗೆ 900. ಫೋಟೋದಲ್ಲಿ ಕೈ 1.25 ಸೆಂ.ಮೀ., ಅಂದರೆ 5 ಇಂಚು. ಎರಡು ಕೈ ಕಳೆದರೆ ಕೂರಲು 62 ಇಂಚು. ಮೊದಲ ಸೋಫಾಗಿಂತ ಹೊರಗೆ ನಾಲ್ಕಿಂಚು ಚಿಕ್ಕದು, ಒಳಗೆ ಆರಿಂಚು ದೊಡ್ಡದು. ಈ ಲೆಕ್ಕವನ್ನು ಮೂರು ಸಲ ಮಾಡಿ ನೋಡಿದೆ. ಸೀಟಿನ ಎತ್ತರ 4.4 ಸೆಂ.ಮೀ. ಬಂತು, ಹದಿನೇಳೂವರೆ ಇಂಚು. ಕೈಯ ಎತ್ತರ ಬರೆದದ್ದಕ್ಕೆ ಹೊಂದಿತು.

ಕೊಂಡವರ ಫೋಟೋ ಇದಕ್ಕೆ ನಾಲ್ಕೇ ಇದ್ದವು. ಒಂದು ಯಾರದೋ ಮನೆಯ ಹಾಲಿನದ್ದು. ನೆಲಕ್ಕೆ ನಮ್ಮ ಮನೆಯ ಹಾಗೇ ಎರಡಡಿ ಟೈಲ್ಸ್. ಪಕ್ಕದ ಬಾಗಿಲು ಒಂದೂವರೆ ಟೈಲ್ಸ್ ಅಗಲ ಇದ್ದದ್ದರಿಂದ ಅದು ಎರಡಡಿಯದೇ ಎಂದು ಖಾತ್ರಿಯಾಯಿತು. ಸೋಫಾದ ಮುಂಭಾಗ ಮೂರು ಟೈಲ್ಸಿಗೆ ಹೆಚ್ಚು ಕಡಿಮೆ ಸರಿಯಾಗಿ ಕೂತಿತ್ತು. ಆರಡಿ ನಿಜ. ನಿಮಗೆ ಇಂಥ ಫೋಟೋ ಸಿಕ್ಕರೆ ಬಿಡಬೇಡಿ, ಅಂಗಡಿಯ ಎಲ್ಲ ಫೋಟೋಗಳಿಗಿಂತ ಅದು ಹೆಚ್ಚು ಹೇಳುತ್ತದೆ. ಅಂಗಡಿಯ ಫೋಟೋದಲ್ಲಿರುವ ಗಿಡ, ದಿಂಬು ನೋಡಿ ಮಾತ್ರ ಅಂದಾಜು ಮಾಡಬೇಡಿ. ದಿಂಬು 12 ಇಂಚಿನದೂ ಇರುತ್ತದೆ, 20 ಇಂಚಿನದೂ ಇರುತ್ತದೆ.

ಆದರೆ ಹೊಲಿಗೆ ಹತ್ತಿರದಿಂದ ಕಾಣುವ ಫೋಟೋ ಒಂದೂ ಇರಲಿಲ್ಲ. ಮಾರುವವರಿಗೆ ನಾಲ್ಕು ಫೋಟೋ ಕೇಳಿ ಬರೆದೆ: ಸೀಟಿನ ಮುಂದಿನ ಮೂಲೆ, ಕೈ ಮತ್ತು ಸೀಟು ಸೇರುವ ಜಾಗ, ದಿಂಬಿನ ಕೆಳಗಿನ ಜಿಪ್, ಹಿಂಭಾಗ. ಮೊದಲನೆಯದರಲ್ಲಿ ಅಳತೆ ಟೇಪ್ ಇಟ್ಟು ತೆಗೆಯಿರಿ ಎಂದೆ. ಐದು ದಿನ ಉತ್ತರವಿಲ್ಲ. ಎರಡು ಸಲ ಫೋನ್ ಮಾಡಿದೆ. ಆರನೇ ದಿನ ನಾಲ್ಕು ಫೋಟೋದ ಜೊತೆ ಒಂದು ವೀಡಿಯೊ ಬಂತು. ಟೇಪಿನ ಪಕ್ಕ ಎಣಿಸಿದೆ, ಇಂಚಿಗೆ ಏಳು. ಕೈಯ ಅಂಚಿಗೆ ಜೋಡಿ ಹೊಲಿಗೆ, ಎರಡು ಸಾಲೂ ಸಮ. ಕುಶನ್ ಅಣ್ಣನಿಗೆ ಕಳಿಸಿದೆ. "ತಗೊಳ್ಳಿ ಅಕ್ಕಾ. ಹಿಂಭಾಗದ ಬಟ್ಟೆ ಮಾತ್ರ ತೆಳು ಇದೆ, ಗೋಡೆಗೆ ಇಡೋದಾದ್ರೆ ತೊಂದರೆ ಇಲ್ಲ" ಎಂದರು. ನಮ್ಮದು ಗೋಡೆಗೇ.

ಒಂದು ಮಾತು. ಒಳಗಿನ ಸ್ಪಂಜು ಎಷ್ಟು ಗಟ್ಟಿ, ಮರ ಯಾವುದು, ಇದು ಯಾವ ಫೋಟೋದಲ್ಲೂ ಕಾಣುವುದಿಲ್ಲ. ಅದಕ್ಕೆ ವಾರಂಟಿ ಪತ್ರದಲ್ಲಿ ಏನು ಬರೆದಿದ್ದಾರೆ ಎಂದು ಓದಬೇಕು ಅಷ್ಟೇ. ನಮ್ಮದಕ್ಕೆ ಮರದ ಚೌಕಟ್ಟಿಗೆ ಮೂರು ವರ್ಷ, ಸ್ಪಂಜಿಗೆ ಒಂದು ವರ್ಷ ಕೊಟ್ಟಿದ್ದಾರೆ. ಬಟ್ಟೆಗೆ ಇಲ್ಲ.

ಹೋದ ಗುರುವಾರ ಬಂತು. ಕಾಲು ಬಿಚ್ಚುವ ಅಗತ್ಯವೇ ಬೀಳಲಿಲ್ಲ, 31 ಇಂಚಿನ ಆಳ ಬಾಗಿಲಲ್ಲಿ ಅಡ್ಡವಾಗಿ ದಾಟಿತು. ಈ ಸಲ ಕವರನ್ನು ಮಡಚಿ ಅಟ್ಟದ ಮೇಲೆ ಇಟ್ಟಿದ್ದೇನೆ, ಹತ್ತು ದಿನ ಕಳೆಯುವ ತನಕ ತೆಗೆಯುವುದಿಲ್ಲ. ಟೇಪಿನ ಚೌಕದ ಮೇಲೇ ಸೋಫಾ ಇಳಿಸಿದೆವು. ಎಡಗಡೆ ಮಾತ್ರ ಅರ್ಧ ಇಂಚು ಟೇಪ್ ಹೊರಗೆ ಕಾಣುತ್ತಿತ್ತು, ಅಳೆದರೆ ಸೋಫಾ ಎಪ್ಪತ್ತೊಂದೂವರೆ ಇದೆ. ಅಮ್ಮ ಬಂದು ನಡುವೆ ಕೂತರು. ಸ್ವಲ್ಪ ಹೊತ್ತು ಟಿವಿ ನೋಡಿದರು. ಆಮೇಲೆ ಸೀಟಿಗೆ ಎರಡು ಕೈ ಊರಿ, ತಾವೇ ಎದ್ದು ಅಡುಗೆಮನೆಗೆ ಹೋದರು.